ತೀರ್ಮಾನಿಸುವವರನ್ನು ತಲುಪುವ ನೇರ ದಾರಿ

ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಪ್ಲಾಂಟ್ ಹೆಡ್ ಬಳಿಗೆ ಹೊರಗಿನವರ ಮಾತು ಹೋಗಬೇಕಾದರೆ ಅದು ಸಾಮಾನ್ಯವಾಗಿ ಮೂವರನ್ನು ದಾಟಿ ಹೋಗಬೇಕು: ಗೇಟಿನ ಸೆಕ್ಯೂರಿಟಿ, ಬೋರ್ಡ್ ನಂಬರಿಗೆ ಬಂದ ಕರೆ ಎತ್ತುವ ರಿಸೆಪ್ಷನಿಸ್ಟ್, ಕೊನೆಗೆ ಆಪ್ತ ಸಹಾಯಕರು, ಎಂದರೆ ಪಿಎ. ಈ ಮೂವರ ಅಧಿಕಾರ ಒಂದೇ ಅಲ್ಲ. ಒಳಗಿನಿಂದ ಯಾರಾದರೂ "ಕಳಿಸಿ" ಎನ್ನದೆ ಸೆಕ್ಯೂರಿಟಿಯವರು ಗೇಟ್ ಪಾಸ್ ಬರೆಯುವಂತಿಲ್ಲ. ಅವರೊಂದಿಗೆ ವಾದಕ್ಕಿಳಿಯುವುದೆಂದರೆ ಅವರ ಕೈಯಲ್ಲಿಲ್ಲದ್ದನ್ನು ಕೇಳಿದಂತೆ. ರಿಸೆಪ್ಷನಿಸ್ಟ್‌ಗೆ ಕರೆಯನ್ನು ಯಾವ ವಿಭಾಗಕ್ಕೆ ತಿರುಗಿಸಬೇಕೆಂಬುದು ಗೊತ್ತು, ಆದರೆ ಬಂದ ವಿಷಯದ ತೂಕ ಅಳೆಯುವುದು ಅವರ ಕೆಲಸವಲ್ಲ. ಆ ಕೆಲಸ ಪಿಎ ಅವರದು. ಮುಖ್ಯಸ್ಥರ ದಿನದಲ್ಲಿ ಯಾವುದಕ್ಕೆ ಜಾಗ ಕೊಡಬೇಕು, ಯಾವುದನ್ನು ಬೇರೆಯವರಿಗೆ ಕಳಿಸಬೇಕು, ಯಾವುದಕ್ಕೆ ಅಲ್ಲೇ ಬೇಡವೆನ್ನಬೇಕು ಎಂಬುದನ್ನು ಬಹುಮಟ್ಟಿಗೆ ಅವರೇ ನಿರ್ಧರಿಸುತ್ತಾರೆ.

ಪಿಎ ಅವರನ್ನು ಅಡ್ಡಗೋಡೆ ಎಂದು ಭಾವಿಸುವ ಮಾರಾಟಗಾರರು ಬಹಳ. ಮಾರಾಟದ ತರಬೇತಿಗಳಲ್ಲೂ ಈ ಗೋಡೆಯನ್ನು ಹಾರುವ ಉಪಾಯಗಳನ್ನೇ ಹೇಳಿಕೊಡುವುದುಂಟು. ಆ ಗ್ರಹಿಕೆಯೇ ತಪ್ಪು. ಮುಖ್ಯಸ್ಥರಿಗೆ ಬೇಡದ ವಿಷಯವನ್ನು ಒಳಗೆ ಬಿಟ್ಟರೆ ಪಿಎ ಬೈಸಿಕೊಳ್ಳಬೇಕು. ಬೇಕಾಗಿದ್ದ ವಿಷಯವನ್ನು ಹೊರಗಿಟ್ಟರೂ ಬೈಗುಳ ತಪ್ಪದು. ಹಾಗಾಗಿ ತಡೆಯುವುದರಿಂದ ಮಾತ್ರ ಅವರ ಕೆಲಸ ಚೆನ್ನಾಗಿ ಆಗುವುದಿಲ್ಲ, ಸರಿಯಾಗಿ ವಿಂಗಡಿಸಬೇಕು. ವಿಂಗಡಿಸಲು ಅವರಿಗೆ ಕೆಲವೇ ಸಂಗತಿಗಳು ತಿಳಿದರೆ ಸಾಕು: ಕರೆ ಮಾಡಿದವರು ಯಾರು, ನಿಜವಾಗಿ ಏನು ಕೇಳುತ್ತಿದ್ದಾರೆ, ಅದಕ್ಕೆ ಈ ಮುಖ್ಯಸ್ಥರೇ ಬೇಕೇ, ಎಷ್ಟು ಹೊತ್ತು ಬೇಕು. ಇವುಗಳನ್ನು ಕೇಳುವ ಮೊದಲೇ ಸ್ಪಷ್ಟವಾಗಿ ಹೇಳಿದವರು ಪಿಎ ಅವರ ಕೆಲಸವನ್ನು ಹಗುರ ಮಾಡುತ್ತಾರೆ. ಮರೆಮಾಚಿದವರು ಅವರಿಗೆ ಅಪಾಯ ತಂದೊಡ್ಡುತ್ತಾರೆ.

ಇನ್ನೂ ಒಂದು ಸಂಗತಿಯಿದೆ, ಮತ್ತು ಬಹಳ ಮಂದಿ ಗಮನಿಸದಿರುವುದು ಇದನ್ನೇ. ಕರೆ ಮಾಡಿದವರ ಮಾತು ಮುಖ್ಯಸ್ಥರ ಕಿವಿಗೆ ಬೀಳುವುದು ಕರೆ ಮಾಡಿದವರ ಬಾಯಿಂದಲ್ಲ, ಪಿಎ ಅವರ ಬಾಯಿಂದ. ಅದೂ ಫೈಲಿಗೆ ಸಹಿ ಹಾಕಿಸುವ ನಡುವೆ ಸಿಗುವ ಅರೆಗಳಿಗೆಯಲ್ಲಿ, ಒಂದೇ ವಾಕ್ಯದಲ್ಲಿ. ಆ ವಾಕ್ಯ ಹೇಗಿರುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಪಿಎ ತಮ್ಮ ಮಾತಿನಲ್ಲಿ ಸಲೀಸಾಗಿ ಹೇಳಬಹುದಾದ, ಹೇಳಿದರೂ ಅರ್ಥ ಕೆಡದ ಒಂದು ವಾಕ್ಯವನ್ನು ಅವರ ಕೈಗೆ ಕೊಡುವುದು ಈ ಇಡೀ ಕೆಲಸದ ತಿರುಳು.

ಒಂದು ಕಲ್ಪಿತ ಸಂದರ್ಭವನ್ನು ಮೊದಲಿಂದ ಕೊನೆವರೆಗೆ ನೋಡಿದರೆ ಇದು ತಿಳಿಯಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಇಬ್ಬರು ಸೇರಿ ನಡೆಸುವ ಸಣ್ಣ ಸಂಸ್ಥೆಯೊಂದಿದೆ ಎಂದುಕೊಳ್ಳೋಣ. ಕಾರ್ಖಾನೆಗಳಲ್ಲಿ ಕಂಪ್ರೆಸರ್ ಗಾಳಿ ಎಲ್ಲೆಲ್ಲಿ ಸೋರುತ್ತಿದೆ ಎಂದು ಪತ್ತೆಹಚ್ಚಿ ಕೊಡುವುದು ಅವರ ಕಸುಬು. ತುಮಕೂರಿನ ಕಡೆಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಈ ಸೇವೆಯನ್ನು ಒದಗಿಸಬೇಕೆಂಬುದು ಅವರ ಆಸೆ. ಒಳಗೆ ಪರಿಚಯದವರು ಯಾರೂ ಇಲ್ಲ. ಪ್ಲಾಂಟ್ ಹೆಡ್ ಹೆಸರು ಕಂಪನಿಯ ವೆಬ್‌ಸೈಟಿನಲ್ಲಿದೆ, ಬೋರ್ಡ್ ನಂಬರೂ ಇದೆ.

ಫೋನ್ ಎತ್ತಿಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕವೊಂದಿದೆ. ಗಾಳಿಯ ಕೊಳವೆಯಲ್ಲಿ 3 ಮಿಲಿಮೀಟರ್ ಅಗಲದ ಒಂದು ತೂತು ಇದ್ದು, ಒತ್ತಡ 7 ಬಾರ್ ಇದ್ದರೆ, ಅಲ್ಲಿಂದ ಹೋಗುವ ಗಾಳಿಯನ್ನು ಮತ್ತೆ ತುಂಬಲು ಕಂಪ್ರೆಸರ್‌ಗೆ ಸುಮಾರು 3ರಿಂದ 4 ಕಿಲೋವ್ಯಾಟ್ ಬೇಕು. ಮೂರು ಪಾಳಿಯಲ್ಲಿ ವರ್ಷಕ್ಕೆ 8,000 ಗಂಟೆ ನಡೆಯುವ ಕಾರ್ಖಾನೆಯಲ್ಲಿ ಅದು 28,000 ಯೂನಿಟ್ ಆಸುಪಾಸಿಗೆ ಬರುತ್ತದೆ. ಯೂನಿಟ್‌ಗೆ ₹7 ಹಿಡಿದರೆ ಒಂದೇ ತೂತಿನಿಂದ ವರ್ಷಕ್ಕೆ ಎರಡು ಲಕ್ಷ ರೂಪಾಯಿಗೆ ಹತ್ತಿರ ಹಣ ಸೋರಿಹೋದಂತೆ. ಒಟ್ಟು ಸೋರಿಕೆ ಎಷ್ಟಿದೆ ಎಂದು ಅಳೆಯುವ ವಿಧಾನವೂ ಸರಳ. ವಾರದ ರಜೆಯ ದಿನ, ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿರುವಾಗ, ಕಂಪ್ರೆಸರನ್ನು ಮಾತ್ರ ನಡೆಸಬೇಕು. ಯಾರೂ ಗಾಳಿ ಬಳಸದಿದ್ದರೂ ಒತ್ತಡ ಇಳಿಯುತ್ತದೆ, ಕಂಪ್ರೆಸರ್ ಮತ್ತೆ ಮತ್ತೆ ಗಾಳಿ ತುಂಬುತ್ತದೆ. ಎರಡು ನಿಮಿಷ ತುಂಬಿ ಆರು ನಿಮಿಷ ಸುಮ್ಮನಿದ್ದರೆ ಒಟ್ಟು ಎಂಟು ನಿಮಿಷದಲ್ಲಿ ಎರಡು ನಿಮಿಷ, ಎಂದರೆ ಕಂಪ್ರೆಸರಿನ ಸಾಮರ್ಥ್ಯದಲ್ಲಿ ಶೇ. 25 ಬರೀ ಸೋರಿಕೆಗೆ ಹೋಗುತ್ತಿದೆ ಎಂದರ್ಥ. ಈ ಅಳತೆಗೆ ಬೇಕಾದದ್ದು ಒಂದು ಗಂಟೆ, ಒಂದು ಗಡಿಯಾರ ಮತ್ತು ಜೊತೆಯಲ್ಲಿ ನಿಲ್ಲಲು ಕಾರ್ಖಾನೆಯ ಒಬ್ಬ ಎಲೆಕ್ಟ್ರಿಷಿಯನ್.

ಇದೆಲ್ಲ ಪಿಎ ಅವರಿಗೆ ಹೇಳಲೆಂದು ಮಾಡುವ ಲೆಕ್ಕವಲ್ಲ. ಕೇಳಬೇಕಾದ್ದು ಏನು ಎಂದು ಗೊತ್ತುಮಾಡಿಕೊಳ್ಳಲು ಮಾಡುವ ಲೆಕ್ಕ. ಲೆಕ್ಕ ಮಾಡಿದ ಮೇಲೆ ಕೋರಿಕೆ ಚಿಕ್ಕದಾಗುತ್ತದೆ: ಯಾವುದಾದರೂ ಒಂದು ಭಾನುವಾರ ಒಂದು ಗಂಟೆ ಒಳಗೆ ಬಂದು ಅಳೆಯಲು ಅನುಮತಿ. ಇದಕ್ಕೆ ಹಣ ಬೇಕಿಲ್ಲ. ಫಲಿತಾಂಶ ನೋಡಿದ ಮೇಲೆ ಪೂರ್ಣ ತಪಾಸಣೆ ಬೇಕೋ ಬೇಡವೋ ಎಂದು ಕಾರ್ಖಾನೆಯವರು ತೀರ್ಮಾನಿಸಬಹುದು. "ಸಾಹೇಬರನ್ನು ಒಮ್ಮೆ ಭೇಟಿಯಾಗಬೇಕಿತ್ತು" ಎಂಬ ಕೋರಿಕೆಗೂ ಇದಕ್ಕೂ ಇರುವ ಅಂತರ ದೊಡ್ಡದು. ಬರೀ ಭೇಟಿ ಕೇಳಿದರೆ, ಮುಖ್ಯಸ್ಥರ ಸಮಯ ಯಾತಕ್ಕೆ ಖರ್ಚಾಗುತ್ತದೆ ಎಂಬುದನ್ನು ಪಿಎ ಊಹಿಸಬೇಕಾಗುತ್ತದೆ. ಗೊತ್ತಿಲ್ಲದ ಖರ್ಚಿಗೆ ಯಾವ ಪಿಎ ತಾನೇ ಒಪ್ಪಿಯಾರು?

ಇನ್ನು ಕರೆ. ಆ ಮಾತುಕತೆ ಹೀಗೆ ಸಾಗಬಹುದು.

"ನಮಸ್ಕಾರ ಮೇಡಂ. ನಾನು ಪೀಣ್ಯದಿಂದ ಮಾತಾಡ್ತಿದೀನಿ. ಫ್ಯಾಕ್ಟರಿಗಳಲ್ಲಿ ಕಂಪ್ರೆಸರ್ ಗಾಳಿ ಎಲ್ಲಿ ಸೋರ್ತಿದೆ ಅಂತ ಹುಡುಕಿಕೊಡೋದು ನಮ್ಮ ಕೆಲಸ. ನಮ್ಮ ಸರ್ವಿಸ್ ಬಗ್ಗೆ ಹೇಳೋಕೇ ಫೋನ್ ಮಾಡಿದ್ದು. ಎರಡು ನಿಮಿಷ ಮಾತಾಡಬಹುದಾ, ಇಲ್ಲ ಆಮೇಲೆ ಮಾಡಲಾ?"

"ಸರ್ ಮೀಟಿಂಗ್‌ನಲ್ಲಿದಾರೆ. ಏನಿದ್ರೂ ಮೇಲ್ ಮಾಡಿಬಿಡಿ."

"ಮಾಡ್ತೀನಿ ಮೇಡಂ. ಒಂದೇ ಒಂದು ವಿಷಯ ಕೇಳಬೇಕಿತ್ತು. ಒಂದು ಭಾನುವಾರ ಒಂದು ಗಂಟೆ ಬಂದು ಅಳತೆ ಮಾಡಿ ತೋರಿಸ್ತೀವಿ, ಅದಕ್ಕೆ ದುಡ್ಡೇನಿಲ್ಲ. ಇದಕ್ಕೆ ಪರ್ಮಿಷನ್ ಕೊಡೋರು ಪ್ಲಾಂಟ್ ಹೆಡ್ ಸಾಹೇಬ್ರಾ, ಇಲ್ಲ ಮೇಂಟೆನೆನ್ಸ್ ಕಡೆಯವರಾ? ತಪ್ಪು ಕಡೆ ಮೇಲ್ ಹೋದ್ರೆ ಮತ್ತೆ ನಿಮಗೇ ತೊಂದರೆ."

"ಅದು ಮೇಂಟೆನೆನ್ಸ್ ಹೆಡ್ ನೋಡ್ತಾರೆ. ಅವರಿಗೆ ಕಳಿಸಿ, ನನಗೊಂದು ಕಾಪಿ ಹಾಕಿ."

ಈ ಚಿಕ್ಕ ಮಾತುಕತೆಯಲ್ಲಿ ಗಮನಿಸಬೇಕಾದ್ದು ಬೇಕಾದಷ್ಟಿದೆ. ಇದು ಮಾರಾಟದ ಕರೆ ಎಂಬುದು ಮೊದಲ ಉಸಿರಿನಲ್ಲೇ ಹೊರಬಿತ್ತು. ಅದನ್ನು ಮುಚ್ಚಿಟ್ಟು ಮಾತು ಬೆಳೆಸಿದ್ದರೆ, ಮೂರನೆಯ ಪ್ರಶ್ನೆಯ ಹೊತ್ತಿಗೆ ಅದು ಹೇಗೂ ಬಯಲಾಗುತ್ತಿತ್ತು, ಆಮೇಲೆ ಆಡಿದ ನಿಜಕ್ಕೂ ಬೆಲೆ ಇರುತ್ತಿರಲಿಲ್ಲ. "ಮೇಲ್ ಮಾಡಿ" ಎಂಬುದು ಕರೆ ಮುಗಿಸುವ ಸಾಮಾನ್ಯ ಮಾತು. ಅದಕ್ಕೆ ವಿರೋಧ ಹೂಡದೆ ಒಪ್ಪಿಕೊಂಡು, ಪಿಎ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯೊಂದನ್ನು ಕೇಳಲಾಯಿತು. ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವುದರಿಂದ ಅವರಿಗೆ ನಷ್ಟವಿಲ್ಲ, ಹೇಳದಿದ್ದರೆ ಆ ಮೇಲ್ ಅವರ ತಲೆಗೇ ಬಂದು ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ ಫಲವೆಂದರೆ, ತೀರ್ಮಾನಿಸುವವರು ಯಾರೆಂಬ ಊಹೆಯೇ ತಪ್ಪಾಗಿತ್ತೆಂದು ತಿಳಿದದ್ದು. ಕಂಪನಿಗಳಲ್ಲಿ ಯಾರು ಎಷ್ಟು ಮೊತ್ತದವರೆಗೆ ಸಹಿ ಹಾಕಬಹುದು ಎಂಬ ಮಿತಿ ಸಾಮಾನ್ಯವಾಗಿ ಗೊತ್ತುಪಡಿಸಿರುತ್ತಾರೆ. ಹಣವಿಲ್ಲದ ಒಂದು ಗಂಟೆಯ ಅಳತೆಗೆ ಮೇಂಟೆನೆನ್ಸ್ ಹೆಡ್ ಒಪ್ಪಿಗೆಯೇ ಸಾಕು, ಪೂರ್ಣ ತಪಾಸಣೆಗೆ ಪ್ಲಾಂಟ್ ಹೆಡ್ ಬೇಕಾಗಬಹುದು, ಆರ್ಡರ್ ಹೊರಡುವುದು ಪರ್ಚೇಸ್ ವಿಭಾಗದಿಂದ. ಹೊರಗಿನವರ ಕಣ್ಣಿಗೆ ಕಾಣುವುದು ವೆಬ್‌ಸೈಟಿನ ಹೆಸರುಗಳು ಮಾತ್ರ. ಒಳಗಿನ ಈ ದಾರಿ ಪಿಎ ಅವರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಅವರನ್ನು ತಪ್ಪಿಸಿ ಹೋಗುವವರು ಈ ತಿಳಿವಳಿಕೆಯನ್ನೇ ಕಳೆದುಕೊಂಡು, ಮೇಲಿನವರ ಕೋಣೆಗೆ ಹೇಗೋ ನುಗ್ಗಿ, "ಇದನ್ನು ನನ್ನ ಹತ್ತಿರ ಯಾಕೆ ತಂದಿರಿ?" ಎಂದು ಕೇಳಿಸಿಕೊಂಡು ಹೊರಬರುತ್ತಾರೆ.

ಮೇಲ್ ಅದೇ ದಿನ ಹೋಗಬೇಕು. ಅದರ ವಿಷಯದ ಸಾಲು ಹೀಗಿದ್ದರೆ ಚೆನ್ನ: "ಕಂಪ್ರೆಸರ್ ಗಾಳಿ ಸೋರಿಕೆ: ಒಂದು ಭಾನುವಾರ ಒಂದು ಗಂಟೆಯ ಉಚಿತ ಅಳತೆಗೆ ಅನುಮತಿ ಕೋರಿಕೆ". ಒಳಗೆ ಆರೇಳು ಸಾಲು ಸಾಕು. ಸಂಸ್ಥೆ ಯಾವುದು, ಏನು ಮಾಡುತ್ತದೆ, 3 ಮಿಲಿಮೀಟರ್ ತೂತಿನ ಲೆಕ್ಕ ಒಂದು ವಾಕ್ಯದಲ್ಲಿ, ಅಳತೆ ಹೇಗೆ ನಡೆಯುತ್ತದೆ, ಕಾರ್ಖಾನೆಯ ಕಡೆಯಿಂದ ಯಾರು ಎಷ್ಟು ಹೊತ್ತು ಜೊತೆಗಿರಬೇಕು, ಆಮೇಲೆ ಪೂರ್ಣ ತಪಾಸಣೆ ಬೇಕೆಂದರೆ ಅದಕ್ಕೆ ಶುಲ್ಕವಿದೆ ಎಂಬ ಮಾತು, ಫೋನ್ ನಂಬರ್. ಶುಲ್ಕದ ಮಾತನ್ನು ಕೊನೆಗೆಂದು ಬಚ್ಚಿಡುವುದು ತಪ್ಪು. ಪೂರ್ತಿ ಉಚಿತವೆಂದು ಪಿಎ ಮೇಲಿನವರಿಗೆ ಹೇಳಿದ ಮೇಲೆ ಬಿಲ್ ಬಂದರೆ, ಮಾತು ತಪ್ಪಿದವರಾಗುವುದು ಪಿಎ. ಮೊದಲ ಸಾಲಿನಲ್ಲೇ "ನಿಮ್ಮ ಪ್ಲಾಂಟ್ ಹೆಡ್ ಕಚೇರಿಯವರ ಸೂಚನೆಯಂತೆ ಈ ಪತ್ರ" ಎಂದು ಬರೆಯಬಹುದು, ಏಕೆಂದರೆ ಅದು ನಿಜ. "ನಿಮ್ಮ ಪ್ಲಾಂಟ್ ಹೆಡ್ ಆಸಕ್ತಿ ತೋರಿಸಿದ್ದಾರೆ" ಎಂದು ಬರೆಯುವಂತಿಲ್ಲ, ಏಕೆಂದರೆ ಅವರಿಗೆ ವಿಷಯ ಇನ್ನೂ ಗೊತ್ತೇ ಇಲ್ಲ. ಈ ಎರಡು ವಾಕ್ಯಗಳ ನಡುವಿನ ಗೆರೆ ತೆಳುವಾಗಿ ಕಂಡರೂ ನಂಬಿಕೆ ಉಳಿಯುವುದು ಅಥವಾ ಮುರಿಯುವುದು ಅಲ್ಲೇ.

ಈಗ ಪಿಎ ಅವರ ವಾಕ್ಯಕ್ಕೆ ಬರೋಣ. ಪ್ಲಾಂಟ್ ಹೆಡ್ ಆ ಕಾಪಿಯನ್ನು ಕಂಡು "ಇದೇನು?" ಎಂದು ಕೇಳಿದರೆ ಅವರು ಹೇಳುವುದು ಸರಿಸುಮಾರು ಹೀಗಿರುತ್ತದೆ: "ಸರ್, ಪೀಣ್ಯದವರು, ಕಂಪ್ರೆಸರ್ ಗಾಳಿ ಸೋರಿಕೆ ನೋಡೋರು. ಭಾನುವಾರ ಒಂದು ಗಂಟೆ ಬಂದು ಅಳತೆ ಮಾಡಿ ತೋರಿಸ್ತಾರಂತೆ, ಅದಕ್ಕೆ ದುಡ್ಡಿಲ್ಲ. ಮೇಂಟೆನೆನ್ಸ್‌ಗೆ ಕಳಿಸಿದೀನಿ." ಏನೂ ಸೋರಿಹೋಗಿಲ್ಲ. ಇದೇ ವಿಷಯವನ್ನು "ಕೈಗಾರಿಕೆಗಳಿಗೆ ಇಂಧನ ದಕ್ಷತೆಯ ಸಮಗ್ರ ಪರಿಹಾರ ಒದಗಿಸುವ ಸಂಸ್ಥೆ" ಎಂದು ಹೇಳಿಕೊಂಡಿದ್ದರೆ ಪಿಎ ಬಾಯಲ್ಲಿ ಅದು "ಯಾರೋ ಎನರ್ಜಿ ಕಂಪನಿಯವರು, ಸರ್" ಎಂದಾಗುತ್ತಿತ್ತು. ಉತ್ತರವೂ ಸಿದ್ಧ: "ಈಗ ಬೇಡ ಅನ್ನಿ." ತಪ್ಪು ಪಿಎ ಅವರದಲ್ಲ. ಹೇಳಲಾಗದ ವಾಕ್ಯವನ್ನು ಅವರಿಗೆ ಕೊಟ್ಟದ್ದು ಕರೆ ಮಾಡಿದವರು. ಒಂದು ವಾಕ್ಯ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ಸುಲಭದ ದಾರಿಯಿದೆ: ಆ ಕಸುಬು ಗೊತ್ತಿಲ್ಲದ ಮನೆಯವರೊಬ್ಬರಿಗೆ ಅದನ್ನು ಹೇಳಿ, ಅರ್ಧ ಗಂಟೆ ಬಿಟ್ಟು ಅವರಿಂದಲೇ ಕೇಳಬೇಕು. ಅವರ ನೆನಪಿನಲ್ಲಿ ಉಳಿದಷ್ಟೇ ಪ್ಲಾಂಟ್ ಹೆಡ್‌ಗೂ ತಲುಪುತ್ತದೆ.

ಇನ್ನು ಉಪಾಯಗಳ ವಿಚಾರ. "ಇದು ಪರ್ಸನಲ್ ವಿಷಯ" ಎನ್ನುವುದು, ಮುಖ್ಯಸ್ಥರನ್ನು ಬರೀ ಹೆಸರಿಂದ ಕರೆದು ಗೆಳೆಯರಂತೆ ನಟಿಸುವುದು, "ಅವರೇ ಫೋನ್ ಮಾಡಿದ್ದರು, ಅದಕ್ಕೆ ತಿರುಗಿ ಮಾಡ್ತಿದೀನಿ" ಎನ್ನುವುದು, ಬೇಕೆಂದೇ ಅಕೌಂಟ್ಸ್ ವಿಭಾಗದ ಎಕ್ಸ್‌ಟೆನ್ಷನ್‌ಗೆ ಕರೆ ಮಾಡಿ "ಅಯ್ಯೋ, ತಪ್ಪಿ ನಿಮಗೆ ಬಂತು, ಸಾಹೇಬರಿಗೆ ಕೊಟ್ಟುಬಿಡಿ" ಎನ್ನುವುದು, ಹಿಂದೆ ಪತ್ರವ್ಯವಹಾರ ನಡೆದಿದೆ ಎನಿಸುವಂತೆ ಮೊದಲ ಮೇಲ್‌ನ ವಿಷಯದ ಸಾಲಿನಲ್ಲೇ "Re:" ಸೇರಿಸುವುದು, ಇವೆಲ್ಲ ಬಹಳ ಹಳೆಯವು. ಕೊನೆಯದರಂಥ ವಂಚನೆಯ ವಿಷಯಸಾಲನ್ನು ಅಮೆರಿಕದಲ್ಲಿ ವಾಣಿಜ್ಯ ಮೇಲ್‌ಗಳ ಕುರಿತ 2003ರ ಕಾನೂನು ನಿಷೇಧಿಸಿದೆ. ಒಂದು ಕಂಪನಿ ಇನ್ನೊಂದು ಕಂಪನಿಗೆ ಕಳಿಸುವ ಮೇಲ್‌ಗೂ ಆ ನಿಷೇಧ ಅನ್ವಯಿಸುತ್ತದೆ.

ಇವು ಕೆಲವೊಮ್ಮೆ ಫಲಿಸುತ್ತವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಕರೆ ಒಳಗೆ ಹೋಗಿಬಿಡುತ್ತದೆ. ಆದರೆ ಎರಡನೆಯ ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು. ವೈಯಕ್ತಿಕ ವಿಷಯವೆಂದು ಫೋನ್ ತೆಗೆದುಕೊಂಡ ಮುಖ್ಯಸ್ಥರಿಗೆ ಗಾಳಿ ಸೋರಿಕೆಯ ಮಾತು ಕೇಳಿಸುತ್ತದೆ. ಕರೆ ಇಟ್ಟ ಮೇಲೆ ಅವರು ಮೊದಲು ಕರೆಯುವುದು ಪಿಎ ಅವರನ್ನು. ಎಲ್ಲರೆದುರು ಬೈಸಿಕೊಂಡ ಆ ವ್ಯಕ್ತಿ ಆ ಸಂಸ್ಥೆಯ ಹೆಸರನ್ನು ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಕಾರ್ಖಾನೆಗೆ ಮುಂದೆ ಎಂದಾದರೂ ನಿಜವಾಗಿ ಸೋರಿಕೆಯ ತಪಾಸಣೆ ಬೇಕಾದಾಗಲೂ ಆ ಹೆಸರು ಪಟ್ಟಿಗೆ ಬರುವುದಿಲ್ಲ. ಒಂದೇ ಕೈಗಾರಿಕಾ ಪ್ರದೇಶದ ಕಂಪನಿಗಳ ಕಚೇರಿ ಸಿಬ್ಬಂದಿಗೆ ಪರಸ್ಪರ ಪರಿಚಯ ಇರುವುದೂ ಉಂಟು, ಮಾತು ಅಕ್ಕಪಕ್ಕಕ್ಕೆ ಹರಡುತ್ತದೆ. ಲೆಕ್ಕದ ಮಾತು ಅತ್ತ ಇರಲಿ. ಸಂಬಳಕ್ಕಾಗಿ ದುಡಿಯುವ ಒಬ್ಬರ ಕೆಲಸಕ್ಕೆ ಕುತ್ತು ತಂದು ತನ್ನ ಕೆಲಸ ಮಾಡಿಸಿಕೊಳ್ಳುವುದು ಅನ್ಯಾಯ, ಸಿಕ್ಕಿಬೀಳದಿದ್ದರೂ ಅನ್ಯಾಯವೇ.

ಸುಳ್ಳೆಂದೂ ಹೇಳಲಾಗದ, ಸರಿಯೆಂದೂ ಹೇಳಲಾಗದ ಕೆಲವು ದಾರಿಗಳಿವೆ. ಪಿಎ ಇನ್ನೂ ಬಂದಿರದ ಬೆಳಗಿನ ಹೊತ್ತಿನಲ್ಲಿ ಕರೆ ಮಾಡಿದರೆ ಮುಖ್ಯಸ್ಥರೇ ಫೋನ್ ಎತ್ತಬಹುದು. ಮೊದಲ ಕರೆಯೇ ಆದರೆ ಅದರಲ್ಲಿ ದೋಷವಿಲ್ಲ. ಪಿಎ ಒಮ್ಮೆ ಬೇಡವೆಂದ ಮೇಲೆ ಅವರಿಲ್ಲದ ಹೊತ್ತು ನೋಡಿ ಮಾಡಿದರೆ ಅದು ಅವರನ್ನು ಬೇಕೆಂದೇ ಬದಿಗೆ ಸರಿಸಿದಂತೆ. ಲಿಂಕ್ಡ್‌ಇನ್‌ನಲ್ಲಿ ಮುಖ್ಯಸ್ಥರಿಗೆ ನೇರವಾಗಿ ಬರೆಯುವುದಾದರೆ, ಕಚೇರಿಗೂ ಬರೆದಿರುವ ವಿಷಯವನ್ನು ಅದರಲ್ಲೇ ತಿಳಿಸಿದರೆ ಯಾರಿಗೂ ಮುಜುಗರವಾಗದು. ಖಾಸಗಿ ಮೊಬೈಲ್ ನಂಬರನ್ನು ಯಾರಿಂದಲೋ ಸಂಪಾದಿಸಿ ಕರೆ ಮಾಡುವುದನ್ನು ಬಿಡುವುದೇ ಲೇಸು. "ಇಂಥವರು ನಿಮ್ಮ ಹೆಸರು ಹೇಳಿದರು" ಎಂಬ ಪರಿಚಯದ ಮಾತು ಬಹಳ ಬಲವಾದದ್ದು. ಅದಕ್ಕೇ ಅದನ್ನು ಬಳಸುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಬೇಕು. ಅನುಭವಿ ಪಿಎ ಅವರಿಗೆ ಒಂದು ಫೋನ್ ಮಾಡಿ ವಿಚಾರಿಸುತ್ತಾರೆ. ಅತ್ತಲಿಂದ "ಯಾರು? ನನಗೆ ನೆನಪಿಲ್ಲವಲ್ಲ" ಎಂಬ ಉತ್ತರ ಬಂದರೆ ವಿಷಯ ಅಲ್ಲಿಗೇ ಮುಗಿಯಿತು.

ಉಡುಗೊರೆಯೂ ಇದೇ ಸಾಲಿಗೆ ಸೇರುತ್ತದೆ. ಕೆಲಸ ಆಗುವ ಮೊದಲು ಪಿಎ ಮೇಜಿನ ಮೇಲಿಡುವ ದೀಪಾವಳಿ ಸಿಹಿಯ ಡಬ್ಬಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಅನೇಕ ಕಂಪನಿಗಳಲ್ಲಿ ಪೂರೈಕೆದಾರರಿಂದ ಏನನ್ನೂ ಪಡೆಯಬಾರದೆಂಬ ನಿಯಮವಿದೆ, ತೆಗೆದುಕೊಂಡರೆ ತಪ್ಪು, ತಿರುಗಿಸಿದರೆ ಒರಟುತನ. ಸರ್ಕಾರಿ ಕಚೇರಿಯಲ್ಲಾದರೆ ಪ್ರಶ್ನೆ ಇನ್ನೂ ಗಂಭೀರ, ಅಲ್ಲಿ 1988ರ ಭ್ರಷ್ಟಾಚಾರ ತಡೆ ಕಾಯಿದೆ ಅಡ್ಡ ಬರುತ್ತದೆ. ಅಂಥ ಕಚೇರಿಗಳಲ್ಲಿ ಸಾಹೇಬರ ಪಿಎ ಜೊತೆಗಿನ ಒಳ್ಳೆಯ ಮಾತಿಗಿಂತ ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಪಡೆದ ಸ್ವೀಕೃತಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಅರ್ಜಿಯ ಸಂಖ್ಯೆ ಹೇಳಿ ವಿಚಾರಿಸಿದರೆ ಪಿಎ ಅವರಿಗೂ ಹುಡುಕಲು ಒಂದು ದಾರಿ ಸಿಗುತ್ತದೆ.

ಮೇಲ್ ಹೋದ ಮೇಲೆ ಉತ್ತರ ಬಾರದಿರುವುದೇ ಹೆಚ್ಚು. ಮತ್ತೆ ಯಾವಾಗ ವಿಚಾರಿಸಬೇಕೆಂಬುದನ್ನು ಊಹಿಸುವುದಕ್ಕಿಂತ ಮೊದಲ ಕರೆಯಲ್ಲೇ ಕೇಳಿಬಿಡುವುದು ಒಳ್ಳೆಯದು: "ಉತ್ತರ ಬರದಿದ್ರೆ ಮುಂದಿನ ಬುಧವಾರ ಒಂದ್ಸಲ ಫೋನ್ ಮಾಡಲಾ ಮೇಡಂ?" ಎಂದರೆ ಅವರು ಒಪ್ಪುತ್ತಾರೆ ಅಥವಾ ಬೇರೆ ದಿನ ಹೇಳುತ್ತಾರೆ. ಆಮೇಲೆ ಆ ದಿನ ಮಾಡುವ ಕರೆ ಕಾಟವಲ್ಲ, ಕೊಟ್ಟ ಮಾತು. ಕಾರ್ಖಾನೆಗಳಿಗೆ ಅವುಗಳದೇ ಹೊತ್ತುಗಳಿವೆ. ಬೆಳಗಿನ ಮೊದಲ ಗಂಟೆ ಉತ್ಪಾದನೆಯ ಸಭೆಗೆ ಹೋಗುತ್ತದೆ, ತಿಂಗಳ ಕೊನೆಯ ದಿನಗಳು ಮಾಲು ಸಾಗಿಸುವ ಒತ್ತಡಕ್ಕೆ. ಆ ಹೊತ್ತಿನಲ್ಲಿ ಮಾಡಿದ ಕರೆಗೆ ಸಿಗುವ ಬಿರುಸಿನ ಉತ್ತರವನ್ನು ನಿರಾಕರಣೆ ಎಂದು ತಿಳಿಯಬೇಕಾಗಿಲ್ಲ.

ನಿರಾಕರಣೆಯನ್ನು ಗುರುತಿಸುವುದು ಬೇರೆಯದೇ ಕಲೆ. ನಮ್ಮ ಕಡೆ "ಬೇಡ" ಎಂದು ಮುಖಕ್ಕೆ ಹೇಳುವವರು ಕಡಿಮೆ. "ಸರ್‌ಗೆ ಹೇಳಿದೀನಿ, ಬೇಕಿದ್ರೆ ನಾವೇ ಫೋನ್ ಮಾಡ್ತೀವಿ" ಎಂದರೆ ಬಹುಪಾಲು ಬೇಡವೆಂದೇ ಅರ್ಥ. "ಈ ವಾರ ಆಡಿಟ್ ಇದೆ, ಹತ್ತನೇ ತಾರೀಖಿನ ಮೇಲೆ ಮಾಡಿ" ಎಂದರೆ ಅದು ನಿಜವಾದ ಮುಂದೂಡಿಕೆ, ಏಕೆಂದರೆ ಅಲ್ಲಿ ಕಾರಣವೂ ಇದೆ, ದಿನವೂ ಇದೆ. ಕಾರಣವೂ ದಿನವೂ ಇಲ್ಲದ ಉತ್ತರ ಎರಡು ಬಾರಿ ಬಂದರೆ ಪಿಎ ಅವರಿಗೆ "ಇಲ್ಲ" ಎನ್ನಲು ಅನುಕೂಲ ಮಾಡಿಕೊಡಬೇಕು: "ಮೇಡಂ, ಈಗ ಇದು ಬೇಡ ಅಂತಿದ್ರೆ ಹೇಳಿಬಿಡಿ, ಖಂಡಿತ ಬೇಜಾರಿಲ್ಲ. ನಾನೂ ಸುಮ್ನೆ ತೊಂದರೆ ಕೊಡಲ್ಲ." ಹೀಗೆಂದಾಗ ಕೆಲವರು ನೆಮ್ಮದಿಯಿಂದ ಬೇಡವೆನ್ನುತ್ತಾರೆ. ಕೆಲವರು ನಿಜವಾದ ಅಡ್ಡಿ ಏನೆಂದು ಹೇಳಿಬಿಡುತ್ತಾರೆ: ಹೋದ ತಿಂಗಳಷ್ಟೇ ಹೊಸ ಕಂಪ್ರೆಸರ್ ಬಂದಿದೆ, ಅಥವಾ ಕಂಪ್ರೆಸರ್ ಕಂಪನಿಯವರೇ ವರ್ಷಕ್ಕೊಮ್ಮೆ ಇದನ್ನು ನೋಡುತ್ತಾರೆ. ಎರಡನೆಯದಾದರೆ ಆ ಕಾರ್ಖಾನೆಗೆ ಈ ಸೇವೆ ನಿಜಕ್ಕೂ ಬೇಕಿಲ್ಲದಿರಬಹುದು. ಅದು ತಿಳಿದದ್ದೂ ಲಾಭವೇ.

ನಮ್ಮ ಉದಾಹರಣೆಯಲ್ಲಿ ಮೇಂಟೆನೆನ್ಸ್ ಹೆಡ್ ಒಪ್ಪಿದರು ಎಂದುಕೊಳ್ಳೋಣ. ಭಾನುವಾರದ ಪ್ರವೇಶಕ್ಕೆ ಗೇಟಿನಲ್ಲಿ ಮೊದಲೇ ಹೆಸರು ಇರಬೇಕು. ಬರುವವರ ಹೆಸರು, ಗುರುತಿನ ಚೀಟಿ, ವಾಹನದ ನಂಬರ್, ತರುವ ಉಪಕರಣಗಳ ಪಟ್ಟಿಯನ್ನು ಶುಕ್ರವಾರವೇ ಕಳಿಸಿದರೆ ಸೆಕ್ಯೂರಿಟಿಯವರು ರಜೆಯ ದಿನ ಯಾರಿಗೋ ಫೋನ್ ಮಾಡಿ ಎಬ್ಬಿಸಬೇಕಾಗುವುದಿಲ್ಲ. ಉಪಕರಣಗಳನ್ನು ಒಳಗೆ ಒಯ್ಯುವಾಗ ರಿಜಿಸ್ಟರಿನಲ್ಲಿ ಬರೆಸದಿದ್ದರೆ ಹೊರಗೆ ತರುವಾಗ ತಕರಾರು ಖಚಿತ. ಅಳತೆಯಲ್ಲಿ ಸೋರಿಕೆ ಶೇ. 25 ಎಂದು ಬಂತು. ಪೂರ್ಣ ತಪಾಸಣೆಯ ಮೊತ್ತ ಮೇಂಟೆನೆನ್ಸ್ ಹೆಡ್ ಅವರ ಸಹಿಯ ಮಿತಿಗಿಂತ ಹೆಚ್ಚು, ಹಾಗಾಗಿ ಈಗ ಪ್ಲಾಂಟ್ ಹೆಡ್ ಅವರ ಭೇಟಿ ನಿಜವಾಗಿಯೂ ಬೇಕು.

ಈ ಬಾರಿ ಪಿಎ ಅವರಿಗೆ ಮಾಡುವ ಕರೆ ತುಂಬಾ ಚಿಕ್ಕದು. "ಮೇಡಂ, ನೀವು ಹೇಳಿದ ಹಾಗೆ ಮೇಂಟೆನೆನ್ಸ್ ಸರ್ ಹತ್ತಿರ ಹೋಗಿದ್ವಿ. ಅಳತೆ ಆಯ್ತು, ರಿಪೋರ್ಟ್ ಕೊಟ್ಟಿದೀವಿ. ಪ್ಲಾಂಟ್ ಹೆಡ್ ಸರ್ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಬೇಕು ಅಂದ್ರು, ಅವರೂ ಇರ್ತಾರೆ. ಮುಂದಿನ ವಾರ ಯಾವಾಗ ಆಗುತ್ತೆ ಅಂತ ನೀವು ಹೇಳಿದ್ರೆ ನಾವು ಹೊಂದಿಸ್ಕೋತೀವಿ." ಇದರಲ್ಲಿ ಪಿಎ ಅವರಿಗೆ ಬೇಕಾದ್ದೆಲ್ಲ ಇದೆ: ಒಳಗಿನ ಅಧಿಕಾರಿಯೊಬ್ಬರ ಬೆಂಬಲ, ಬೇಕಾದ ಸಮಯ, ಯಾರು ಇರುತ್ತಾರೆ, ಏಕೆ. ತಮ್ಮ ಸೂಚನೆ ಪಾಲನೆಯಾದದ್ದೂ ಅವರಿಗೆ ತಿಳಿಯಿತು. ಭೇಟಿಯ ಹಿಂದಿನ ದಿನ ಒಂದು ಪುಟದ ಟಿಪ್ಪಣಿಯನ್ನು ಅವರಿಗೇ ಕಳಿಸಬೇಕು, ಪ್ಲಾಂಟ್ ಹೆಡ್ ಅವರ ಫೈಲಿನಲ್ಲಿ ಅದು ಮೇಲೆಯೇ ಇರುತ್ತದೆ. ಇಪ್ಪತ್ತು ನಿಮಿಷ ಕೇಳಿದವರು ಇಪ್ಪತ್ತನೆಯ ನಿಮಿಷಕ್ಕೆ ಏಳಬೇಕು. ಮುಖ್ಯಸ್ಥರೇ ಕೂರಿಸಿಕೊಂಡರೆ ಬೇರೆ ಮಾತು. ತಾವಾಗಿ ಮಾತು ಲಂಬಿಸಿದರೆ, ಮುಂದಿನ ಸಭೆಯವರನ್ನು ಹೊರಗೆ ಕಾಯಿಸುತ್ತ ನಿಲ್ಲಬೇಕಾದವರು ಪಿಎ. ಮುಂದಿನ ಸಲ ಇಪ್ಪತ್ತು ನಿಮಿಷ ಎಂದರೆ ಅವರು ನಲವತ್ತೆಂದು ಲೆಕ್ಕ ಹಿಡಿದು ಇಲ್ಲವೆನ್ನುತ್ತಾರೆ.

ಈ ದಾರಿಗೂ ಮಿತಿಗಳಿವೆ. ಬೇಡದ ಸರಕನ್ನು ಇದು ಬೇಕಾಗುವಂತೆ ಮಾಡುವುದಿಲ್ಲ. ಕೆಲವು ಮುಖ್ಯಸ್ಥರು ಹೊರಗಿನ ಯಾವ ಕರೆಯನ್ನೂ ಬಿಡಬೇಡಿ ಎಂದೇ ಹೇಳಿರುತ್ತಾರೆ. ಆಗ ಪಿಎ ಎಷ್ಟೇ ಒಳ್ಳೆಯವರಾದರೂ ಏನೂ ಮಾಡಲಾಗದು. ಪರ್ಚೇಸ್ ವಿಭಾಗದಲ್ಲಿ ಪೂರೈಕೆದಾರರಾಗಿ ನೋಂದಾಯಿಸಿಕೊಂಡು ಕಾಯುವುದು ಅಂಥಲ್ಲಿ ಉಳಿಯುವ ದಾರಿ. ಅದಕ್ಕೆ ಜಿಎಸ್‌ಟಿ ಸಂಖ್ಯೆ, ಪ್ಯಾನ್, ಬ್ಯಾಂಕ್ ವಿವರ ಮತ್ತು ಸಣ್ಣ ಉದ್ಯಮವಾದರೆ ಉದ್ಯಮ್ ನೋಂದಣಿ ಪತ್ರ ಸಿದ್ಧವಿರಬೇಕು. ಅಪರೂಪಕ್ಕೆ ವಿನಾಕಾರಣ ಒರಟಾಗಿ ಮಾತಾಡುವ ಪಿಎಗಳೂ ಸಿಗುತ್ತಾರೆ. ಅವರ ಮೇಲೆ ಮುಖ್ಯಸ್ಥರಿಗೆ ದೂರು ಬರೆದು ಬಾಗಿಲು ತೆರೆಸಿಕೊಂಡ ಹೊರಗಿನವರು ವಿರಳ. ಆರು ತಿಂಗಳು ಬಿಟ್ಟು, ಹೇಳಲು ಹೊಸದೇನಾದರೂ ಇದ್ದಾಗ ಮತ್ತೊಮ್ಮೆ ಮಾತಾಡಿಸುವುದು ಹೆಚ್ಚು ಫಲಕಾರಿ.

ಕೆಲಸ ಸಿಗಲಿ ಬಿಡಲಿ, ಕೊನೆಯದಾಗಿ ಪಿಎ ಅವರಿಗೆ ಫಲಿತಾಂಶ ತಿಳಿಸುವ ಎರಡು ಸಾಲಿನ ಮೇಲ್ ಹೋಗಬೇಕು. ಅವರ ಡೈರಿಯಲ್ಲಿ ತೆರೆದುಕೊಂಡಿರುವ ಒಂದು ವಿಷಯ ಅದರಿಂದ ಮುಚ್ಚುತ್ತದೆ. ಕರೆ ಮಾಡಿದವರೂ ತಮ್ಮ ಪುಸ್ತಕದಲ್ಲಿ ಯಾರೊಂದಿಗೆ ಯಾವ ದಿನ ಏನು ಮಾತಾಯಿತು, ಮತ್ತೆ ಯಾವಾಗ ವಿಚಾರಿಸಲು ಒಪ್ಪಿದ್ದಾರೆ ಎಂದು ಬರೆದಿಟ್ಟುಕೊಳ್ಳಬೇಕು. ಪಿಎ ಹುದ್ದೆಯಲ್ಲಿರುವವರು ಬದಲಾಗುತ್ತಾರೆ. ಹೊಸಬರು ಬಂದಾಗ "ಹಿಂದಿನ ಮೇಡಂಗೆ ಎಲ್ಲ ಗೊತ್ತಿತ್ತು" ಎಂದು ಸಲಿಗೆ ತೋರಿಸುವಂತಿಲ್ಲ. ಆ ಪುಸ್ತಕ ನೋಡಿಕೊಂಡು, ಯಾರು, ಏನು, ಎಷ್ಟು ಹೊತ್ತು ಎಂಬುದನ್ನು ಮತ್ತೆ ಮೊದಲಿನಿಂದ ಹೇಳಬೇಕು.